ಸೊನ್ನೆ ಸರಿಯಾಗಿಯೇ ಇದೆಯಲ್ಲ, ಮೇಡಂ?



ಎರಡನೇ ಇಂಟರ್ನಲ್ ಟೆಸ್ಟಿನ ಉತ್ತರಪತ್ರಿಕೆ ನಿನ್ನೆ ಕೈಗೆ ಬಂತು. ಐದನೇ ಪ್ರಶ್ನೆಗೆ ನಾಲ್ಕರಲ್ಲಿ ಒಂದೇ ಅಂಕ ಕೊಟ್ಟಿದ್ದೀರಿ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘x = 0?’ ಎಂದಷ್ಟೇ ಇದೆ. ತರಗತಿಯಲ್ಲಿ ಎಲ್ಲರ ಎದುರು ಕೇಳಲು ಸಂಕೋಚವಾಯಿತು, ಅದಕ್ಕೇ ಈ ಪತ್ರ.

ಪ್ರಶ್ನೆ ಇದ್ದದ್ದು ಹೀಗೆ: 1/x ಎಂಬ ಫಂಕ್ಷನ್ನಿನ ಇಂಟಿಗ್ರಲ್ಲನ್ನು −1ರಿಂದ 1ರವರೆಗೆ ಕಂಡುಹಿಡಿಯಿರಿ, ಅಥವಾ ಅದಕ್ಕೆ ಬೆಲೆ ಇಲ್ಲವೆಂದು ತೋರಿಸಿ. ನಾನು ಸೊನ್ನೆ ಎಂದು ಬರೆದೆ. ಸುಮ್ಮನೆ ಊಹಿಸಿ ಬರೆದದ್ದಲ್ಲ. 1/x ಬೆಸ ಫಂಕ್ಷನ್, ಬೆಸ ಫಂಕ್ಷನ್ನಿನ ಇಂಟಿಗ್ರಲ್ −a ಇಂದ aವರೆಗೆ ಸೊನ್ನೆ ಎಂದು ಪಿಯುಸಿಯಿಂದಲೂ ಓದಿದ್ದೇವೆ. ಸಂಶಯಕ್ಕೆ ಇನ್ನೊಂದು ದಾರಿಯಲ್ಲೂ ಮಾಡಿದೆ. 1/x ಅನ್ನು ಇಂಟಿಗ್ರೇಟ್ ಮಾಡಿದರೆ log|x|. ಮಾಡ್ಯುಲಸ್ ಚಿಹ್ನೆಯನ್ನೂ ಮರೆತಿಲ್ಲ. log 1 − log 1, ಅಂದರೆ ಸೊನ್ನೆ. ಗ್ರಾಫ್ ಬರೆದು ನೋಡಿದರೂ ಬಲಗಡೆ ಎಷ್ಟಿದೆಯೋ ಎಡಗಡೆ ಅಷ್ಟೇ ಇದೆ, ಒಂದು ಮೇಲೆ, ಒಂದು ಕೆಳಗೆ. ಮನೆಗೆ ಬಂದು ಅಣ್ಣನ ಲ್ಯಾಪ್‌ಟಾಪಿನಲ್ಲಿ ಎಡಕ್ಕೆ ಸಾವಿರ, ಬಲಕ್ಕೆ ಸಾವಿರ ಪಟ್ಟಿಗಳಾಗಿ ಸೀಳಿ ಕೂಡಿಸಿ ನೋಡಿದೆ. ಅಲ್ಲೂ ಸೊನ್ನೆ.

ನಾಲ್ಕು ದಾರಿಯಲ್ಲೂ ಒಂದೇ ಉತ್ತರ ಬಂದ ಮೇಲೆ ಅದು ಹೇಗೆ ತಪ್ಪಾಗುತ್ತದೆ ಮೇಡಂ? ನೀವು ಹೇಳಿಕೊಟ್ಟ ಹಂತಗಳನ್ನು ಬರೆಯಲಿಲ್ಲ ಎಂದು ಅಂಕ ಕಡಿಮೆ ಮಾಡಿದಿರೋ, ನಿಜವಾಗಿಯೂ ಉತ್ತರವೇ ತಪ್ಪೋ? ಇಷ್ಟು ತಿಳಿಸಿದರೆ ಸಾಕು.

ಇಂತಿ ನಿಮ್ಮ ವಿದ್ಯಾರ್ಥಿನಿ.

ಪದವಿ ತರಗತಿಗೆ ಗಣಿತ ಹೇಳುವವರೆಲ್ಲ ಈ ಪತ್ರವನ್ನು ಯಾವುದಾದರೊಂದು ರೂಪದಲ್ಲಿ ಕಂಡೇ ಇರುತ್ತಾರೆ. ಹುಡುಗಿ ಕೇಳಿದ್ದರಲ್ಲಿ ನ್ಯಾಯವಿದೆ. ಅವಳ ಲೆಕ್ಕದಲ್ಲಿ ಕೂಡುವ, ಕಳೆಯುವ ತಪ್ಪು ಒಂದೂ ಇಲ್ಲ. ಆದರೂ ಉತ್ತರ ತಪ್ಪು, ಹಂತ ಬಿಟ್ಟದ್ದಕ್ಕೆ ಅಂಕ ಹೋದದ್ದಲ್ಲ. ಏಕೆಂದು ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಗಣಿತ ಬಿಟ್ಟು ಬಹಳ ವರ್ಷವಾದವರೂ ಹಿಂಬಾಲಿಸಬಹುದು.

ಇಂಟಿಗ್ರಲ್, ಅಂದರೆ ಅನುಕಲ, ಒಂದು ಗೆರೆಯ ಕೆಳಗಿನ ವಿಸ್ತೀರ್ಣ. ಅಡ್ಡಗೆರೆಯ ಮೇಲಿರುವ ಭಾಗವನ್ನು ಕೂಡುತ್ತೇವೆ, ಕೆಳಗಿರುವ ಭಾಗವನ್ನು ಕಳೆಯುತ್ತೇವೆ. 1/x ಎಂಬ ಗೆರೆ x = 1ರಲ್ಲಿ 1ರಷ್ಟು ಎತ್ತರದಲ್ಲಿದೆ. x = 0.1ಕ್ಕೆ ಬಂದರೆ ಎತ್ತರ 10, 0.01ಕ್ಕೆ ಬಂದರೆ 100. ಸೊನ್ನೆಯ ಹತ್ತಿರ ಹೋದಂತೆಲ್ಲ ಅದು ಮಿತಿಯಿಲ್ಲದೆ ಮೇಲೇರುತ್ತದೆ. ಸೊನ್ನೆಯಲ್ಲಿ ಅದಕ್ಕೆ ಬೆಲೆಯೇ ಇಲ್ಲ, ಏಕೆಂದರೆ 1ನ್ನು 0ಯಿಂದ ಭಾಗಿಸಲಾಗದು. ಎಡಗಡೆಯೂ ಹೀಗೆಯೇ, ಆದರೆ ಕೆಳಮುಖವಾಗಿ. ಕೆಂಪು ಶಾಯಿಯ ‘x = 0?’ ಕೇಳುತ್ತಿದ್ದದ್ದು ಈ ಜಾಗವನ್ನೇ. −1ರಿಂದ 1ಕ್ಕೆ ಹೋಗುವ ದಾರಿ ಸರಿಯಾಗಿ ಈ ಕಂದಕದ ಮೇಲೆ ಹಾದುಹೋಗುತ್ತದೆ.

ಅವಳು ಹಿಡಿದ ಎರಡನೇ ದಾರಿಯನ್ನು ಮೊದಲು ನೋಡೋಣ. ಯಾವುದರ ಅವಕಲನ 1/x ಆಗುತ್ತದೋ ಅದನ್ನು ಹುಡುಕಿ, ಎರಡು ತುದಿಗಳಲ್ಲಿ ಅದರ ಬೆಲೆ ಹಾಕಿ, ಒಂದರಿಂದ ಒಂದನ್ನು ಕಳೆಯುವ ವಿಧಾನ ಅದು. ಪರೀಕ್ಷೆಯಲ್ಲಿ ಬರುವ ಮುಕ್ಕಾಲು ಪಾಲು ಲೆಕ್ಕಗಳು ಹೀಗೆಯೇ ಮುಗಿಯುತ್ತವೆ. ಆದರೆ ಈ ಸೂತ್ರಕ್ಕೆ ಒಂದು ಷರತ್ತಿದೆ: ನಾವು ಹುಡುಕಿದ ಫಂಕ್ಷನ್ ತುದಿಯಿಂದ ತುದಿಯವರೆಗೆ, ನಡುವೆ ಎಲ್ಲೂ ಕಡಿಯದೆ ಹಬ್ಬಿರಬೇಕು. log|x| ಹಾಗಿಲ್ಲ. ಸೊನ್ನೆಯಲ್ಲಿ ಅದೂ ಪಾತಾಳಕ್ಕೆ ಇಳಿದುಹೋಗುತ್ತದೆ. ತುದಿಗಳಲ್ಲಿ ಅದರ ಬೆಲೆ ಅಚ್ಚುಕಟ್ಟಾಗಿದೆ ನಿಜ, ಆದರೆ ನಡುವೆ ಏನಾಗಿದೆ ಎಂಬುದನ್ನು ತುದಿಗಳು ಹೇಳುವುದಿಲ್ಲ.

ಷರತ್ತನ್ನು ಮರೆತರೆ ಏನಾಗುತ್ತದೆ ಎಂಬುದು 1/xನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಅದರ ಬದಲು 1/x² ತೆಗೆದುಕೊಳ್ಳಿ. ವರ್ಗ ಯಾವತ್ತೂ ಋಣವಾಗದ ಕಾರಣ ಈ ಗೆರೆ ಎರಡೂ ಬದಿಯಲ್ಲಿ ಅಡ್ಡಗೆರೆಯ ಮೇಲೆಯೇ ಇರುತ್ತದೆ. ಕಳೆಯಲು ಇಲ್ಲಿ ಏನೂ ಇಲ್ಲ, ಉತ್ತರ ಧನ ಸಂಖ್ಯೆಯೇ ಆಗಬೇಕು. ಈಗ ಅದೇ ವಿಧಾನ ಹಾಕಿ. 1/x²ನ ಅನುಕಲ −1/x. x = 1ರಲ್ಲಿ ಅದರ ಬೆಲೆ −1, x = −1ರಲ್ಲಿ +1. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ −2. ಪೂರ್ತಿ ಮೇಲೆಯೇ ಇರುವ ಗೆರೆಯ ಕೆಳಗೆ ಋಣ ವಿಸ್ತೀರ್ಣ! ಈ ಉತ್ತರ ಬಂದಿದ್ದರೆ ಅವಳೇ ಪೆನ್ನು ಕೆಳಗಿಟ್ಟು ಯೋಚಿಸುತ್ತಿದ್ದಳು. 1/xನಲ್ಲಿ ಮಾಡಿದ್ದೂ ಅದೇ ಕೆಲಸ, ಮುರಿದದ್ದೂ ಅದೇ ಷರತ್ತು. ಬಂದ ಸಂಖ್ಯೆ ಮಾತ್ರ ಯಾರಿಗೂ ಸಂಶಯ ಬಾರದಂಥದ್ದು. ಹೀಗಾಗಿ ಅದು ಹೆಚ್ಚು ಅಪಾಯಕಾರಿ.

ಆದರೆ ಅವಳ ಮೊದಲನೇ ವಾದ ಇದಕ್ಕಿಂತ ಗಟ್ಟಿ. ಸೂತ್ರ ಕೈಕೊಟ್ಟರೂ ಚಿತ್ರ ಕಣ್ಣ ಮುಂದಿದೆಯಲ್ಲ? ಬಲಗಡೆಯ ವಿಸ್ತೀರ್ಣ, ಎಡಗಡೆಯ ವಿಸ್ತೀರ್ಣ, ಎರಡೂ ಒಂದರ ಪ್ರತಿಬಿಂಬ ಇನ್ನೊಂದು. ಒಂದನ್ನು ಕೂಡಿ ಇನ್ನೊಂದನ್ನು ಕಳೆದರೆ ಸೊನ್ನೆಯಲ್ಲದೆ ಮತ್ತೇನಾದೀತು? ಇದಕ್ಕೆ ಉತ್ತರ ಕೊಡಬೇಕಾದರೆ ಬಲಗಡೆಯ ವಿಸ್ತೀರ್ಣ ಎಷ್ಟು ಎಂದು ಮೊದಲು ಕೇಳಬೇಕು.

ಅಳೆಯಲು ಲಾಗ್ ಕೂಡ ಬೇಡ, ಆಯತಗಳೇ ಸಾಕು. x = 1/2ರಿಂದ 1ರವರೆಗಿನ ಪಟ್ಟಿಯಲ್ಲಿ ಗೆರೆಯ ಎತ್ತರ ಎಲ್ಲಿಯೂ 1ಕ್ಕಿಂತ ಕಡಿಮೆ ಇಲ್ಲ. ಪಟ್ಟಿಯ ಅಗಲ 1/2. ಅಂದಮೇಲೆ ಅದರ ವಿಸ್ತೀರ್ಣ ಕನಿಷ್ಠ ಅರ್ಧ. ಇನ್ನು 1/4ರಿಂದ 1/2ರವರೆಗೆ ಬನ್ನಿ. ಅಗಲ 1/4, ಆದರೆ ಎತ್ತರ ಈಗ ಕನಿಷ್ಠ 2. ವಿಸ್ತೀರ್ಣ ಮತ್ತೆ ಕನಿಷ್ಠ ಅರ್ಧ. 1/8ರಿಂದ 1/4ರವರೆಗೆ ಅಗಲ 1/8, ಎತ್ತರ ಕನಿಷ್ಠ 4. ಮತ್ತೆ ಅರ್ಧ. ಸೊನ್ನೆಯ ಕಡೆಗೆ ನಡೆದಂತೆ ಪಟ್ಟಿಯ ಅಗಲ ಅರ್ಧಕ್ಕಿಳಿಯುತ್ತದೆ, ಎತ್ತರ ಇಮ್ಮಡಿಯಾಗುತ್ತದೆ, ವಿಸ್ತೀರ್ಣ ಮಾತ್ರ ಅಷ್ಟಕ್ಕಷ್ಟೇ ಉಳಿಯುತ್ತದೆ. ಇಂಥ ಪಟ್ಟಿಗಳಿಗೆ ಕೊನೆಯಿಲ್ಲ. ಅರ್ಧಕ್ಕೆ ಅರ್ಧ ಸೇರಿಸುತ್ತ ಹೋದರೆ ಮೊತ್ತ ನೂರನ್ನೂ ದಾಟುತ್ತದೆ, ಕೋಟಿಯನ್ನೂ ದಾಟುತ್ತದೆ. ಬಲಗಡೆಯ ವಿಸ್ತೀರ್ಣ ಒಂದು ಸಂಖ್ಯೆಯೇ ಅಲ್ಲ, ಅದು ಅನಂತ. ಎಡಗಡೆಯದೂ ಹಾಗೆಯೇ.

ಈ ಪಟ್ಟಿಗಳ ನಿಖರ ವಿಸ್ತೀರ್ಣ log 2, ಸುಮಾರು 0.693. ಪಟ್ಟಿಯ ಒಂದು ಅಂಚು ಇನ್ನೊಂದರ ಎರಡರಷ್ಟಿದ್ದರೆ ಸಾಕು, ಅದು ಸೊನ್ನೆಗೆ ಎಷ್ಟೇ ಹತ್ತಿರವಿರಲಿ, ವಿಸ್ತೀರ್ಣ ಅಷ್ಟೇ. ಈ ಗೆರೆಯ ಈ ಗುಣ ಹೊಸದಾಗಿ ಗೊತ್ತಾದದ್ದಲ್ಲ. ಗ್ರೆಗೊಯ್ರ್ ಡ ಸೇಂಟ್ ವಿನ್ಸೆಂಟ್ ಎಂಬ ಜೆಸ್ಯುಟ್ ಪಾದ್ರಿ 1647ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಇದನ್ನು ತೋರಿಸಿದ್ದ. ನ್ಯೂಟನ್, ಲೈಬ್ನಿಟ್ಸ್ ಇಬ್ಬರೂ ಆಗಿನ್ನೂ ಮಕ್ಕಳು.

ಈಗ ಅವಳ ‘ಕೂಡಿ ಕಳೆಯುವ’ ವಾದಕ್ಕೆ ಬರೋಣ. ಜಮಾ ಎಂದೂ ಮುಗಿಯದ, ಖರ್ಚೂ ಎಂದೂ ಮುಗಿಯದ ಒಂದು ಖಾತೆ ಪುಸ್ತಕ ಇದೆ ಎಂದುಕೊಳ್ಳಿ. ಬಾಕಿ ಎಷ್ಟು ಎಂದು ಕೇಳಿದರೆ ಒಂದು ಜಮಾ, ಒಂದು ಖರ್ಚು ಎಂದು ಜೋಡಿಸಿ ಹೊಡೆದುಹಾಕುತ್ತ ಹೋದವನಿಗೆ ಸೊನ್ನೆ ಸಿಗುತ್ತದೆ. ಖರ್ಚನ್ನು ಒಂದು ಸಾಲು ಹಿಂದೆ ಬಿಟ್ಟು ಬರೆಯುವವನಿಗೆ ಪ್ರತಿ ಸಲವೂ ಒಂದಿಷ್ಟು ಉಳಿಕೆ ತೋರುತ್ತದೆ. ಇಬ್ಬರೂ ಒಂದು ನಮೂದನ್ನೂ ಬಿಟ್ಟಿಲ್ಲ. ಬಾಕಿ ಇರುವುದು ಪುಸ್ತಕದಲ್ಲಲ್ಲ, ಬರೆದ ಕ್ರಮದಲ್ಲಿ.

1/xನಲ್ಲಿ ಇದನ್ನು ಸಂಖ್ಯೆ ಹಾಕಿಯೇ ನೋಡಬಹುದು. ಸೊನ್ನೆಯ ಮೇಲೆ ನೇರ ಹಾಯಲಾಗದ ಕಾರಣ ಅದರ ಎರಡು ಪಕ್ಕ ಸ್ವಲ್ಪ ಜಾಗ ಬಿಟ್ಟು ಅಳೆದು, ಆಮೇಲೆ ಬಿಟ್ಟ ಜಾಗವನ್ನು ಕಿರಿದು ಮಾಡುತ್ತ ಹೋಗಬೇಕು. ಎಡಕ್ಕೆ 0.001, ಬಲಕ್ಕೆ 0.001 ಬಿಟ್ಟರೆ ಎಡಗಡೆ −6.908, ಬಲಗಡೆ +6.908. ಮೊತ್ತ ಸೊನ್ನೆ. ಇದು ಅವಳ ಉತ್ತರ. ಈಗ ಎಡಕ್ಕೆ 0.001 ಬಿಟ್ಟು ಬಲಕ್ಕೆ 0.002 ಬಿಡಿ. ಎಡಗಡೆ −6.908 ಹಾಗೆಯೇ ಇದೆ, ಬಲಗಡೆ +6.215. ಮೊತ್ತ −0.693. ಬಿಟ್ಟ ಜಾಗ ತುಂಬಾ ದೊಡ್ಡದಾಯಿತು, ಕಿರಿದು ಮಾಡಿದರೆ ವ್ಯತ್ಯಾಸ ಮಾಯವಾದೀತು ಎನ್ನಬಹುದು. ಎಡಕ್ಕೆ ಹತ್ತು ಲಕ್ಷದಲ್ಲಿ ಒಂದು ಭಾಗ, ಬಲಕ್ಕೆ ಹತ್ತು ಲಕ್ಷದಲ್ಲಿ ಎರಡು ಭಾಗ ಮಾತ್ರ ಬಿಡಿ. ಎಡಗಡೆ −13.816, ಬಲಗಡೆ +13.122. ಮೊತ್ತ ಮತ್ತೆ −0.693. ಎಷ್ಟೇ ಕಿರಿದು ಮಾಡಿದರೂ ಅದು ಅಲ್ಲಾಡುವುದಿಲ್ಲ.

ಕಾರಣ ಆಗಲೇ ಕಂಡಿದ್ದೇವೆ. ಬಲಗಡೆ ಹೆಚ್ಚಿಗೆ ಬಿಟ್ಟುಹೋದ ಪಟ್ಟಿ ಕೂದಲೆಳೆಯಷ್ಟು ತೆಳುವಾಗಿದ್ದರೂ ಅದರ ಒಂದು ಅಂಚು ಇನ್ನೊಂದರ ಎರಡರಷ್ಟಿದೆ, ಆದ್ದರಿಂದ ವಿಸ್ತೀರ್ಣ 0.693. ಬಲಗಡೆ ಬಿಡುವ ಜಾಗ ಎಡಗಡೆಯದರ ಸುಮಾರು 148ರಲ್ಲಿ ಒಂದು ಪಾಲು ಇರುವಂತೆ ನೋಡಿಕೊಂಡರೆ ಮೊತ್ತ 5 ಬರುತ್ತದೆ. ಬೇಕಾದ ಸಂಖ್ಯೆ ಹೇಳಿ, ಅದು ಬರುವಂತೆ ಜಾಗ ಬಿಟ್ಟು ತೋರಿಸಬಹುದು. ಎಲ್ಲ ದಾರಿಗಳೂ ಕೊನೆಗೆ ಅದೇ ಪ್ರದೇಶವನ್ನು ಮುಚ್ಚುತ್ತವೆ, ಆದರೆ ಒಂದೊಂದು ಒಂದೊಂದು ಉತ್ತರ ಕೊಡುತ್ತದೆ. ಹೀಗಿರುವಾಗ ‘ವಿಸ್ತೀರ್ಣ ಇಷ್ಟು’ ಎನ್ನಲು ಯಾವ ಆಧಾರವೂ ಉಳಿಯುವುದಿಲ್ಲ. ಅನುಕಲಕ್ಕೆ ಬೆಲೆ ಇದೆ ಎನ್ನಬೇಕಾದರೆ ಎಡಗಡೆಯದು ತಾನಾಗಿ ಒಂದು ಸಂಖ್ಯೆಗೆ ನಿಲ್ಲಬೇಕು, ಬಲಗಡೆಯದೂ ತಾನಾಗಿ ನಿಲ್ಲಬೇಕು, ಆಮೇಲೆ ಅವನ್ನು ಕೂಡಬೇಕು. ಒಂದರ ಕೈ ಹಿಡಿದು ಇನ್ನೊಂದು ನಿಲ್ಲುವಂತಿಲ್ಲ.

ಲ್ಯಾಪ್‌ಟಾಪಿನ ಸೊನ್ನೆಯ ಗುಟ್ಟೂ ಇಲ್ಲಿದೆ. ಅವಳು ಎಡಕ್ಕೆ ಸಾವಿರ, ಬಲಕ್ಕೆ ಸಾವಿರ ಪಟ್ಟಿ ಮಾಡಿದಳು, ಪ್ರತಿ ಪಟ್ಟಿಯ ನಡುಬಿಂದುವಿನಲ್ಲಿ ಎತ್ತರ ನೋಡಿದಳು. ಎಡಗಡೆಯ ಪ್ರತಿ ಪಟ್ಟಿಗೂ ಬಲಗಡೆ ಒಂದು ಜೋಡಿ ಇದ್ದೇ ಇರುತ್ತದೆ, ಯಂತ್ರ ಅವನ್ನು ಹೊಡೆದುಹಾಕುತ್ತದೆ. ಅವಳು ಊಹಿಸಿಕೊಂಡದ್ದನ್ನೇ ಅದು ಅವಳಿಗೆ ಮರಳಿಸಿತು. ಅದೇ ಪ್ರೋಗ್ರಾಮಿನಲ್ಲಿ ಬಲಗಡೆ ಮಾತ್ರ ಸಾವಿರದ ಬದಲು ಎರಡು ಸಾವಿರ ಪಟ್ಟಿ ಮಾಡಲು ಹೇಳಿದೆ. ಪಟ್ಟಿ ಹೆಚ್ಚಾದರೆ ಲೆಕ್ಕ ಇನ್ನೂ ನಿಖರವಾಗಬೇಕು ತಾನೆ? ಬಂದ ಉತ್ತರ 0.693. ಎಡಕ್ಕೆ ಹತ್ತು ಸಾವಿರ, ಬಲಕ್ಕೆ ಇಪ್ಪತ್ತು ಸಾವಿರ ಮಾಡಿದರೂ ಅದೇ 0.693. ನಿಜವಾದ ಬೆಲೆ ಇರುವ ಅನುಕಲವಾಗಿದ್ದರೆ ಪಟ್ಟಿಗಳನ್ನು ಹೇಗೆ ಹಂಚಿದರೂ, ಅವು ಸಾಕಷ್ಟು ತೆಳುವಾದ ಮೇಲೆ, ಉತ್ತರ ಒಂದೇ ಕಡೆಗೆ ಬರುತ್ತಿತ್ತು. ಅವಳ ನಾಲ್ಕು ದಾರಿಗಳೂ ಒಂದೇ ಉತ್ತರ ಕೊಟ್ಟವಲ್ಲ, ಅವು ನಾಲ್ಕು ಬೇರೆ ಬೇರೆ ಸಾಕ್ಷಿಗಳಾಗಿರಲಿಲ್ಲ. ಎರಡು ಬದಿಗಳನ್ನು ಸರಿಜೋಡಿ ಮಾಡಿಯೇ ಅಳೆಯಬೇಕು ಎಂಬ ಒಂದೇ ಊಹೆ ನಾಲ್ಕು ವೇಷ ಹಾಕಿ ಬಂದಿತ್ತು.

ಇದನ್ನು ಮೊದಲು ಎದುರು ನಿಂತು ನೋಡಿದವನು ಫ್ರಾನ್ಸಿನ ಕೋಶಿ. ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ಅವನು 1823ರಲ್ಲಿ ತನ್ನ ಪಾಠಗಳ ಸಾರವನ್ನು ಪುಸ್ತಕವಾಗಿ ತಂದ. ಅನುಕಲ ಅಂದರೆ ಹಿಂದುಮುಂದಾದ ಅವಕಲನ ಎಂದು ಹೇಳಿ ಮುಗಿಸದೆ, ಪಟ್ಟಿಗಳ ಮೊತ್ತ ಯಾವ ಸಂಖ್ಯೆಯ ಹತ್ತಿರ ನಿಲ್ಲುತ್ತದೋ ಅದು ಎಂದು ಅವನು ಅಲ್ಲಿ ವ್ಯಾಖ್ಯಾನ ಕೊಟ್ಟ. ಹಾಗೆ ಹೇಳಿದ ಮೇಲೆ, ನಿಲ್ಲದಿದ್ದರೆ ಏನು ಎಂಬ ಪ್ರಶ್ನೆ ಏಳಲೇಬೇಕು. ಅದೇ ಪುಸ್ತಕದಲ್ಲಿ ಅವನು 1/x ತೆಗೆದುಕೊಂಡು, ಸೊನ್ನೆಯ ಎರಡು ಪಕ್ಕ ಬೇರೆ ಬೇರೆ ಅಳತೆಯ ಜಾಗ ಬಿಟ್ಟು, ಆ ಎರಡರ ಅನುಪಾತದ ಲಾಗ್ ಉತ್ತರದಲ್ಲಿ ಉಳಿದುಬಿಡುತ್ತದೆ ಎಂದು ತೋರಿಸಿದ. ಅನುಪಾತ ನಮ್ಮ ಇಷ್ಟ, ಆದ್ದರಿಂದ ಉತ್ತರ ಅನಿರ್ದಿಷ್ಟ. ಎರಡು ಪಕ್ಕ ಸಮನಾಗಿ ಬಿಟ್ಟಾಗ ಬರುವ ಬೆಲೆಗೆ ಮಾತ್ರ ಅವನು ‘ಪ್ರಧಾನ ಮೌಲ್ಯ’ ಎಂಬ ಪ್ರತ್ಯೇಕ ಹೆಸರು ಕೊಟ್ಟ. ಅವಳು ಕಂಡುಹಿಡಿದ ಸೊನ್ನೆ ಇದೇ. ‘ಅನುಕಲಕ್ಕೆ ಬೆಲೆ ಇಲ್ಲ, ಕೋಶಿಯ ಪ್ರಧಾನ ಮೌಲ್ಯ ಸೊನ್ನೆ’ ಎಂದು ಕಾರಣ ಸಹಿತ ಬರೆದಿದ್ದರೆ ನಾಲ್ಕಕ್ಕೆ ನಾಲ್ಕು ಸಿಗುತ್ತಿತ್ತು.

ಪ್ರಧಾನ ಮೌಲ್ಯಕ್ಕೆ ಉಪಯೋಗವಿಲ್ಲವೆಂದಲ್ಲ. ವಿಮಾನದ ತೆಳು ರೆಕ್ಕೆ ಎಷ್ಟು ಭಾರ ಎತ್ತೀತು ಎಂಬ ಲೆಕ್ಕದಲ್ಲಿ ಇಂಥ ಅನುಕಲಗಳು ಬರುತ್ತವೆ. ಒಂದು ವಸ್ತು ಬೆಳಕನ್ನು ಎಷ್ಟು ಹೀರುತ್ತದೆ ಎಂಬುದರಿಂದ ಎಷ್ಟು ಬಾಗಿಸುತ್ತದೆ ಎಂದು ತಿಳಿಯುವ ಕ್ರಾಮರ್ಸ್–ಕ್ರೋನಿಗ್ ಸೂತ್ರಗಳಲ್ಲೂ ಬರುತ್ತವೆ. ಅಲ್ಲೆಲ್ಲ ಎರಡು ಪಕ್ಕವನ್ನು ಸಮನಾಗಿ ಬಿಡಲು ಆ ವಿಷಯದೊಳಗಿನದೇ ಕಾರಣ ಇರುತ್ತದೆ, ಮತ್ತು ಸೂತ್ರದ ಮುಂದೆ ‘ಪ್ರಧಾನ ಮೌಲ್ಯ’ ಎಂದು ಬರೆದೇ ಇರುತ್ತಾರೆ. ಬರೆಯದೆ ಬಿಟ್ಟರೆ ಓದುವವರು ಅದನ್ನು ಮಾಮೂಲಿ ಅನುಕಲವೆಂದು ತಿಳಿದು, ಮಾಮೂಲಿ ನಿಯಮಗಳನ್ನೆಲ್ಲ ಅದಕ್ಕೆ ಹಚ್ಚುತ್ತಾರೆ. ಆ ನಿಯಮಗಳು ಇಲ್ಲಿ ನಿಲ್ಲುವುದಿಲ್ಲ. ಉದಾಹರಣೆಗೆ, ಬಲಗಡೆಯ ಭಾಗದಲ್ಲಿ ಮಾತ್ರ x = 2u ಎಂದು ಬದಲಿಸಿಕೊಳ್ಳಿ. ಎಂದಿನಂತೆ ಇದು ನಿರಪಾಯಕಾರಿ ಬದಲಾವಣೆ, 1/x ಮತ್ತೆ 1/u ಆಗಿಯೇ ಬರುತ್ತದೆ, 1ರ ಬದಲು ತುದಿ 1/2 ಆಗುತ್ತದೆ, ಅಷ್ಟೆ. ಈಗ uನಲ್ಲಿ ಎರಡು ಪಕ್ಕ ಸಮನಾಗಿ ಜಾಗ ಬಿಟ್ಟು ಲೆಕ್ಕ ಹಾಕಿದರೆ ಸೊನ್ನೆ ಹೋಗಿ −0.693 ಕೂತಿರುತ್ತದೆ.

ಇಷ್ಟು ಹೇಳುವಾಗ ಅವಳದೇ ತರಗತಿಯ ಇನ್ನೊಬ್ಬ ಹುಡುಗನ ತಕರಾರು ಬಂತು. ಆರನೇ ಪ್ರಶ್ನೆಯಲ್ಲಿ 1/xನ ಬದಲು 1/∛x ಇತ್ತು, ಅಂದರೆ xನ ಘನಮೂಲದಿಂದ 1ನ್ನು ಭಾಗಿಸಿದ್ದು. ಅದೂ ಬೆಸ ಫಂಕ್ಷನ್, ಅದೂ ಸೊನ್ನೆಯ ಬಳಿ ಮಿತಿಯಿಲ್ಲದೆ ಏರುತ್ತದೆ, −1ರಿಂದ 1ರವರೆಗೆ ಅದರ ಉತ್ತರವೂ ಸೊನ್ನೆ. ಆದರೆ ಅಲ್ಲಿ ಸೊನ್ನೆ ಬರೆದವನಿಗೆ ಪೂರ್ತಿ ಅಂಕ ಬಂದಿತ್ತು. ಒಂದು ಸೊನ್ನೆಗೆ ನಾಲ್ಕು, ಇನ್ನೊಂದು ಸೊನ್ನೆಗೆ ಒಂದು, ಇದೆಂಥ ನ್ಯಾಯ?

ವ್ಯತ್ಯಾಸ ಇರುವುದು ಏರುವ ವೇಗದಲ್ಲಿ. x = 0.001ರಲ್ಲಿ 1/xನ ಎತ್ತರ 1000, 1/∛xನ ಎತ್ತರ ಬರೀ 10. ಎರಡನೆಯದು ಸೊನ್ನೆಯ ಕಡೆ ಹೋದಂತೆ ಏರುತ್ತದೆ ನಿಜ, ಆದರೆ ಪಟ್ಟಿ ತೆಳುವಾಗುವ ವೇಗಕ್ಕೆ ಎತ್ತರ ಸರಿಸಾಟಿಯಾಗುವುದಿಲ್ಲ. ಬಲಗಡೆ 0.001 ಬಿಟ್ಟು ಅಳೆದರೆ ಅದರ ವಿಸ್ತೀರ್ಣ 1.485, ಹತ್ತು ಲಕ್ಷದಲ್ಲಿ ಒಂದು ಭಾಗ ಬಿಟ್ಟರೆ 1.49985. ಅದು 1.5ರಲ್ಲಿ ನಿಲ್ಲುತ್ತಿದೆ. ಎಡಗಡೆ −1.5ರಲ್ಲಿ ನಿಲ್ಲುತ್ತದೆ. ಎರಡೂ ನಿಜವಾದ ಸಂಖ್ಯೆಗಳು, ಕೂಡಿದರೆ ಸೊನ್ನೆ. ಇಲ್ಲಿ ಬಲಗಡೆ ಒಂದಕ್ಕೆ ಎರಡರಷ್ಟು ಜಾಗ ಬಿಟ್ಟರೂ ಚಿಂತೆಯಿಲ್ಲ. 0.001ರಿಂದ 0.002ರವರೆಗಿನ ಪಟ್ಟಿಯ ವಿಸ್ತೀರ್ಣ 0.009ರ ಆಸುಪಾಸು ಮಾತ್ರ, ಸೊನ್ನೆಗೆ ಹತ್ತಿರವಾದಂತೆ ಅದು ಕರಗಿಯೇ ಹೋಗುತ್ತದೆ. ಹೀಗಾಗಿ ಗೆರೆ ಮಿತಿಮೀರಿ ಏರಿತು ಎಂಬುದಷ್ಟೇ ಅನುಕಲವನ್ನು ಕೆಡಿಸುವುದಿಲ್ಲ. ಎಷ್ಟು ಬೇಗ ಏರಿತು ಎಂಬುದು ಮುಖ್ಯ. xನ ಘಾತ 1ಕ್ಕಿಂತ ಕಡಿಮೆ ಇದ್ದರೆ ಬದುಕಿಕೊಳ್ಳುತ್ತದೆ, 1 ಅಥವಾ ಹೆಚ್ಚಾದರೆ ಇಲ್ಲ. 1/x ಸರಿಯಾಗಿ ಆ ಗಡಿಯ ಮೇಲೆ, ಕೆಟ್ಟ ಪಕ್ಕದಲ್ಲಿ ನಿಂತಿದೆ.

ಉತ್ತರಪತ್ರಿಕೆಯ ಹೊರಗೆ ಇದರಿಂದ ಏನಾಗುತ್ತದೆ ಎಂದು ಕೇಳುವವರಿಗೆ ಒಂದು ಗೋಡೆಯ ಉದಾಹರಣೆ ಹೇಳುತ್ತೇನೆ. ಎರಡೂ ಕಡೆ ಕೊನೆಯಿಲ್ಲದೆ ಹಬ್ಬಿದ ಗೋಡೆಯಿಂದ ಒಂದು ಮೀಟರ್ ದೂರದಲ್ಲಿ ತಿರುಗುವ ಟಾರ್ಚ್ ಇದೆ. ಅದು ಗೋಡೆಯ ಕಡೆಗೆ ಯಾವುದೋ ಒಂದು ಕೋನದಲ್ಲಿ, ಎಲ್ಲ ಕೋನಗಳಿಗೂ ಸಮಾನ ಅವಕಾಶವಿರುವಂತೆ, ಆಗಾಗ ಮಿನುಗುತ್ತದೆ. ಬೆಳಕು ಬಿದ್ದ ಜಾಗವನ್ನು ಗುರುತು ಮಾಡುತ್ತ ಹೋಗುತ್ತೇವೆ. ಟಾರ್ಚಿನ ನೇರ ಎದುರಿನ ಬಿಂದು ಸೊನ್ನೆ, ಬಲಕ್ಕೆ ಧನ, ಎಡಕ್ಕೆ ಋಣ. ಈ ಗುರುತುಗಳ ಸರಾಸರಿ ಎಲ್ಲಿ ಬರಬೇಕು? ಎಡಕ್ಕೂ ಬಲಕ್ಕೂ ಭೇದವಿಲ್ಲದ್ದರಿಂದ ಸೊನ್ನೆಯಲ್ಲಿ ಎಂದು ತಟ್ಟನೆ ಹೇಳುತ್ತೇವೆ. ಸಂಖ್ಯಾಶಾಸ್ತ್ರದವರು ಇದನ್ನು ಕೋಶಿ ವಿತರಣೆ ಎನ್ನುತ್ತಾರೆ. ಅದರ ಸರಾಸರಿ ಕೊಡುವ ಅನುಕಲದಲ್ಲಿ x/(1 + x²) ಇರುತ್ತದೆ. ಅದು ಬೆಸ ಫಂಕ್ಷನ್. ದೂರ ಹೋದಂತೆ ಅದರ ವರ್ತನೆ 1/xನ ಹಾಗೆಯೇ. ಇಲ್ಲಿ ತೊಂದರೆ ಇರುವುದು ಸೊನ್ನೆಯ ಬಳಿಯಲ್ಲ, ಗೋಡೆಯ ದೂರದ ತುದಿಗಳಲ್ಲಿ. ಆದರೆ ಕಾಯಿಲೆ ಒಂದೇ. ಎಡಕ್ಕೆ ಎಷ್ಟು ದೂರ ಹೋದೆವೋ ಬಲಕ್ಕೂ ಅಷ್ಟೇ ಹೋದರೆ ಸೊನ್ನೆ, ಎರಡರಷ್ಟು ಹೋದರೆ ಸೊನ್ನೆಯಲ್ಲ.

ಇಲ್ಲಿ ಸೊನ್ನೆ ಎಂದು ಬರೆದವರ ಮಾತನ್ನು ಗೋಡೆಯೇ ಸುಳ್ಳು ಮಾಡುತ್ತದೆ. ನೂರು ಗುರುತುಗಳ ಸರಾಸರಿ ತೆಗೆಯಿರಿ, ಸಾವಿರದ್ದು ತೆಗೆಯಿರಿ, ಅದು ಸೊನ್ನೆಯ ಬಳಿ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ನಿಂತಂತೆ ಕಾಣುತ್ತದೆ, ಅಷ್ಟರಲ್ಲಿ ಟಾರ್ಚು ಗೋಡೆಗೆ ಬಹುಪಾಲು ಸಮಾನಾಂತರವಾಗಿ ಮಿನುಗಿ ನೂರಾರು ಮೀಟರ್ ಆಚೆ ಒಂದು ಗುರುತು ಬೀಳುತ್ತದೆ, ಸರಾಸರಿ ಅತ್ತ ಜಿಗಿಯುತ್ತದೆ. ಸಾವಿರ ಮಿನುಗುಗಳಲ್ಲಿ ಸರಾಸರಿ ಆರು 100 ಮೀಟರಿಗಿಂತ ಆಚೆ ಬೀಳುತ್ತವೆ. ಒಂದು ಮಿನುಗು ಸೊನ್ನೆಯಿಂದ ಒಂದು ಮೀಟರ್ ಒಳಗೆ ಬೀಳುವ ಸಾಧ್ಯತೆ ಅರ್ಧ. ಸಾವಿರ ಮಿನುಗುಗಳ ಸರಾಸರಿ ಒಂದು ಮೀಟರ್ ಒಳಗಿರುವ ಸಾಧ್ಯತೆಯೂ ಅರ್ಧವೇ. ಎಷ್ಟು ಗುರುತು ಕೂಡಿಹಾಕಿದರೂ ಒಂದೇ ಗುರುತು ನೋಡಿದಷ್ಟೇ ಲಾಭ. ಮಧ್ಯದ ಗುರುತು ಯಾವುದು ಎಂದು ಕೇಳಿದರೆ ಅದು ಸೊನ್ನೆಯ ಬಳಿಯೇ ನಿಲ್ಲುತ್ತದೆ, ಸಮ್ಮಿತಿ ಅಲ್ಲಿ ಕೆಲಸ ಮಾಡುತ್ತದೆ. ಸರಾಸರಿಗೆ ಮಾತ್ರ ಬೆಲೆಯೇ ಇಲ್ಲ.

ಇನ್ನು ಅಂಕಗಳ ವಿಷಯ. ಆ ನಾಲ್ಕು ಅಂಕ ಹಂಚಿದ್ದು ಹೀಗೆ: ಸೊನ್ನೆಯಲ್ಲಿ ಫಂಕ್ಷನ್ನಿಗೆ ಬೆಲೆ ಇಲ್ಲ, ಆದ್ದರಿಂದ ಅನುಕಲವನ್ನು ಅಲ್ಲಿ ಎರಡಾಗಿ ಒಡೆಯಬೇಕು ಎಂದು ಗುರುತಿಸಿದ್ದಕ್ಕೆ ಒಂದು. log|x| ಸರಿಯಾಗಿ ಬರೆದದ್ದಕ್ಕೆ ಒಂದು. ಒಂದು ಭಾಗವನ್ನಾದರೂ ಮಿತಿ ಹಾಕಿ ಲೆಕ್ಕ ಮಾಡಿ ಅದು ನಿಲ್ಲುವುದಿಲ್ಲ ಎಂದು ತೋರಿಸಿದ್ದಕ್ಕೆ ಒಂದು. ಬೆಲೆ ಇಲ್ಲ ಎಂಬ ತೀರ್ಮಾನಕ್ಕೆ ಒಂದು. ಅವಳಿಗೆ ಸಿಕ್ಕದ್ದು ಎರಡನೆಯದು. ಅದು ಮಾಡ್ಯುಲಸ್ ಚಿಹ್ನೆಯ ಅಂಕ, ಕರುಣೆಯ ಅಂಕವಲ್ಲ.

ಇದೇ ಬಲೆ ಬೇರೆ ರೂಪಗಳಲ್ಲೂ ಬರುತ್ತದೆ. 0ಯಿಂದ πವರೆಗೆ tan x ಕೇಳಿದರೆ −log|cos x| ಹಾಕಿ ಸೊನ್ನೆ ಬರೆಯುವವರಿದ್ದಾರೆ. tan x ನಡುವೆ π/2ನಲ್ಲಿ ಒಡೆದಿದೆ, ಅಲ್ಲಿಯೂ ಬೆಲೆ ಇಲ್ಲ. ಅದೇ ಮಿತಿಗಳಲ್ಲಿ sec² x ಕೇಳಿದರೆ tan π − tan 0 ಎಂದು ಮತ್ತೆ ಸೊನ್ನೆ ಬರುತ್ತದೆ. ಆದರೆ sec² x ಎಲ್ಲೂ 1ಕ್ಕಿಂತ ಕಡಿಮೆಯಿಲ್ಲ, ಅಂದರೆ ವಿಸ್ತೀರ್ಣ ಏನಿಲ್ಲವೆಂದರೂ 3.14 ಆದರೂ ಇರಬೇಕಿತ್ತು. ಸೂತ್ರ ಹಾಕುವ ಮೊದಲು ಎರಡು ಕಡೆ ಕಣ್ಣು ಹಾಯಿಸಿದರೆ ಇವೆಲ್ಲ ಸಿಕ್ಕಿಬೀಳುತ್ತವೆ: ಕೊಟ್ಟ ಮಿತಿಗಳ ನಡುವೆ ಛೇದ ಎಲ್ಲಾದರೂ ಸೊನ್ನೆಯಾಗುತ್ತದೆಯೇ, ಮತ್ತು ನಾವು ಹುಡುಕಿದ ಫಂಕ್ಷನ್ ಎಲ್ಲಾದರೂ ಕಡಿಯುತ್ತದೆಯೇ. ಎರಡನೆಯದನ್ನು ಬಿಡುವಂತಿಲ್ಲ. 1/(1 + sin² x) ಎಲ್ಲಿಯೂ ಒಡೆಯದ ಸಾಧು ಫಂಕ್ಷನ್. ಆದರೆ 0ಯಿಂದ πವರೆಗೆ tan x = t ಎಂದು ಹಾಕಿಕೊಂಡು ಮಾಡಿದರೆ ಎರಡೂ ತುದಿಯಲ್ಲಿ t ಸೊನ್ನೆ, ಉತ್ತರವೂ ಸೊನ್ನೆ. ಇಲ್ಲಿ ಒಡೆದದ್ದು ನಾವು ತಂದುಹಾಕಿಕೊಂಡ tan. π/2ನಲ್ಲಿ ಎರಡು ಭಾಗ ಮಾಡಿ ಲೆಕ್ಕ ಹಾಕಿದರೆ ಸರಿಯಾದ ಉತ್ತರ π/√2, ಸುಮಾರು 2.22, ಸಿಗುತ್ತದೆ.

ಪತ್ರದ ಪ್ರಶ್ನೆಗೆ ಉತ್ತರವಾಗಿ ಅವಳ ಹಾಳೆಯ ಹಿಂಬದಿಯಲ್ಲಿ ಬರೆದುಕೊಟ್ಟದ್ದು ಇಷ್ಟು, ನಾಲ್ಕು ಅಂಕಕ್ಕೆ ಇದಕ್ಕಿಂತ ಹೆಚ್ಚು ಬೇಕಿರಲಿಲ್ಲ: 1/xಗೆ x = 0ಯಲ್ಲಿ ಬೆಲೆ ಇಲ್ಲ, ಆದ್ದರಿಂದ −1ರಿಂದ 0 ಮತ್ತು 0ಯಿಂದ 1 ಎಂದು ಎರಡು ಭಾಗ ಮಾಡಬೇಕು. h ಎಂಬ ಧನ ಸಂಖ್ಯೆಯಿಂದ 1ರವರೆಗಿನ ಅನುಕಲ log 1 − log h = −log h. h ಸೊನ್ನೆಗೆ ಹತ್ತಿರವಾದಂತೆ ಇದು ಮಿತಿಯಿಲ್ಲದೆ ಬೆಳೆಯುತ್ತದೆ. ಒಂದು ಭಾಗಕ್ಕೆ ಬೆಲೆ ಇಲ್ಲದ ಮೇಲೆ ಪೂರ್ತಿ ಅನುಕಲಕ್ಕೂ ಬೆಲೆ ಇಲ್ಲ. ಇನ್ನೊಂದು ಭಾಗವನ್ನು ನೋಡುವ ಅಗತ್ಯವೂ ಇಲ್ಲ.